ಕಂಕುಳ ಕೂಸಿನ ಎಣಿಕೆ

ಕೆಂಚಮ್ಮ ಸ್ವಾರ್ಥಿ. ಸಿಟ್ಟಿನಲ್ಲಿ ಹೇಳುವ ಮಾತಲ್ಲ ಇದು. ಮೂರು ದಿನ ಅವಳನ್ನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಹಳೇಬೀಡಿನ ಬಸ್ ನಿಲ್ದಾಣದ ಎದುರು ಹೂ ಮಾರುವ ಅವಳು ಬೆರಳು ಮಡಿಸಿಕೊಂಡೇ ಮೊಳ ಅಳೆಯುತ್ತಾಳೆ. ಜಾವಗಲ್ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೆ ಮೊದಲು ಅವರ ಕೈ ನೋಡುತ್ತಾಳೆ. ಕೈಯಲ್ಲಿ ಅವಳ ಹೂವಿದ್ದರೆ ಬಸ್ಸಿನ ಹೊತ್ತು ಹೇಳುತ್ತಾಳೆ. ಇಲ್ಲದಿದ್ದರೆ, "ನಾನೇನ್ ಕಂಡಕ್ಟ್ರಾ?" ಎನ್ನುತ್ತಾಳೆ. ಒಬ್ಬ ಮುದುಕಿ ತನ್ನ ಚೀಲವನ್ನು ಹತ್ತು ನಿಮಿಷ ನೋಡಿಕೊಳ್ಳುತ್ತೀಯಾ ಎಂದು ಕೇಳಿದಾಗ, "ಒಂದ್ ಮೊಳ ತಗೋ, ನೋಡ್ಕತೀನಿ" ಎಂದದ್ದನ್ನು ನಾನೇ ಕೇಳಿದ್ದೇನೆ.

ಅವಳಿಗೆ ಈಗ ಅರವತ್ತೆರಡೋ ಅರವತ್ಮೂರೋ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕುರಿ ಕಾಯುವ ಮನೆಗೇ ಸೊಸೆಯಾದವಳು. ಮೇಯಿಸುವ ಜಾಗ ಕಡಿಮೆಯಾಗಿ ಮಂದೆಯನ್ನು ಮಾರಿದ ಮೇಲೆ ಗಂಡ ದ್ಯಾವಯ್ಯ ಯಾರದೋ ತೆಂಗಿನ ತೋಟ ಕಾಯುವುದಕ್ಕೆ ಸೇರಿದ. ಇವಳು ಸುತ್ತಲಿನ ಹಳ್ಳಿಗಳಿಂದ ಸೇವಂತಿಗೆ, ಕಾಕಡ ತಂದು ಬಸ್ ನಿಲ್ದಾಣದ ಎದುರು ಕೂತಳು. ಹದಿನೆಂಟು ವರ್ಷದಿಂದ ಕೂತಿರುವುದು ಒಂದೇ ಜಾಗದಲ್ಲಿ: ಚನ್ನಬಸವಯ್ಯನವರ ಮಳಿಗೆಯ ಸಜ್ಜಾದ ಕೆಳಗೆ, ಷಟರಿಗೆ ಬೆನ್ನು ಕೊಟ್ಟು. ಆ ಮಳಿಗೆ ಹಿಂದೆ ಗೊಬ್ಬರದ ಅಂಗಡಿಯಾಗಿತ್ತು. ಒಂದು ವರ್ಷದಿಂದ ಬಾಗಿಲು ಮುಚ್ಚಿದೆ.

ಆ ಮುಚ್ಚಿದ ಬಾಗಿಲೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು. ನನ್ನ ತಂಗಿಯ ಮಗಳು ಲಾವಣ್ಯ ಮಕ್ಕಳ ಡಾಕ್ಟರು. ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷ ಸಂಬಳಕ್ಕೆ ದುಡಿದ ಮೇಲೆ ಅವಳಿಗೆ ಸ್ವಂತ ಕ್ಲಿನಿಕ್ ಬೇಕೆನಿಸಿತು. ಅರಸೀಕೆರೆಯಲ್ಲಿ ಮಕ್ಕಳ ಡಾಕ್ಟರುಗಳಿಗೆ ಬರವಿಲ್ಲ. ಬೇಲೂರಿನಲ್ಲೂ ಇಬ್ಬರಿದ್ದಾರೆ. ಹಳೇಬೀಡಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲ ಎಂಬುದನ್ನೇ ಅವಳು ಅವಕಾಶ ಎಂದುಕೊಂಡಿದ್ದಳು. ಯಾರೂ ಇಲ್ಲದಿರುವುದಕ್ಕೆ ಬೇರೆ ಕಾರಣವೂ ಇರಬಹುದಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು. ನಾನು ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ಎಂಬ ಕಾರಣಕ್ಕೆ ಸಹಾಯ ಕೇಳಲು ಬಂದಿದ್ದಳು. ನಾನು ಅಡ್ಡಗಾಲು ಹಾಕುತ್ತಿದ್ದೇನೆ ಎನಿಸಿರಬೇಕು.

ಅವಳು ಫೋನಿನ ನಕ್ಷೆಯಲ್ಲಿ ಹಳೇಬೀಡನ್ನು ನಡುವೆ ಇಟ್ಟು ಇಪ್ಪತ್ತೈದು ಕಿಲೋಮೀಟರಿನ ಒಂದು ವೃತ್ತ ಎಳೆದಿದ್ದಳು. ಅದರೊಳಗಿನ ಹಳ್ಳಿಗಳ ಜನಸಂಖ್ಯೆಯನ್ನೆಲ್ಲ ಕೂಡಿ, "ಇಷ್ಟು ಜನ ದೊಡ್ಡಮ್ಮ, ಒಬ್ಬ ಡಾಕ್ಟರೂ ಇಲ್ಲ" ಎಂದಳು.

"ಈ ವೃತ್ತದಲ್ಲಿ ಗೆಂಡೆಹಳ್ಳಿ ಇದೆಯಲ್ಲ?"

"ಇದೆ. ದೊಡ್ಡ ಹೋಬಳಿ."

"ಗೆಂಡೆಹಳ್ಳಿಯ ತಾಯಿ ಜ್ವರದ ಮಗುವನ್ನು ಎತ್ತಿಕೊಂಡು ಬೇಲೂರಿಗೆ ಬರುತ್ತಾಳೆ. ಅಲ್ಲಿ ಇಬ್ಬರು ಡಾಕ್ಟರನ್ನು ಬಿಟ್ಟು, ಇನ್ನೊಂದು ಬಸ್ಸು ಹತ್ತಿ ನಿನ್ನ ಹತ್ತಿರ ಯಾಕೆ ಬರುತ್ತಾಳೆ?"

ರೋಗಿಗಳು ಬರುವ ಪ್ರದೇಶ ಎಂದೂ ದುಂಡಗಿರುವುದಿಲ್ಲ. ಬಸ್ಸು ಹೋಗುವ ಕಡೆ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಎದುರಾಳಿ ಇರುವ ಕಡೆ ಮೊಟಕಾಗಿರುತ್ತದೆ. ಬೇಲೂರು ಮತ್ತು ಅದರಾಚೆಯನ್ನು ಅಳಿಸಿಹಾಕಿದ ಮೇಲೆ ಅವಳ ವೃತ್ತ ಯಾರೋ ಕಚ್ಚಿ ಬಿಟ್ಟ ದೋಸೆಯಂತೆ ಕಂಡಿತು. ಉಳಿದ ಜಾಗದಿಂದ ಎಷ್ಟು ಜನ ಆ ಮಳಿಗೆಯ ಮುಂದೆ ಹಾಯುತ್ತಾರೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಹೋಗಿ ಎಣಿಸಬೇಕು.

ಸಮಯ ಹೆಚ್ಚಿರಲಿಲ್ಲ. ಮಳಿಗೆಗೆ ಬೇಲೂರಿನ ಮೊಬೈಲ್ ಅಂಗಡಿಯವನೊಬ್ಬ ಕಣ್ಣು ಹಾಕಿದ್ದ. ಚನ್ನಬಸವಯ್ಯನವರು ಭಾನುವಾರ ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ ಅವನಿಗೆ ಎಂದಿದ್ದರು. ಲಾವಣ್ಯ ಹೂಂ ಎಂದರೆ ಇರುವ ಕೆಲಸ ಬಿಡಬೇಕು. ತಪ್ಪಿದರೆ ಕೆಲಸವೂ ಇಲ್ಲ, ಕ್ಲಿನಿಕ್ಕೂ ಇಲ್ಲ.

ಮೊದಲ ಎಣಿಕೆಯನ್ನು ಲಾವಣ್ಯಳೇ ಮಾಡಿದಳು. "ಸೋಮವಾರ ಬಂದು ನೋಡಿ ಡಾಕ್ಟ್ರೇ, ನಮ್ಮ ಬೀದಿ ಹೆಂಗೆ ತುಂಬಿರುತ್ತೆ ಅಂತ" ಎಂದು ಚನ್ನಬಸವಯ್ಯನವರೇ ಕರೆದಿದ್ದರು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಆರು, ಒಟ್ಟು ಐದು ಗಂಟೆ. ಮಳಿಗೆಯ ಮುಂದೆ ಹಾಯುವವರಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಂದು ಮೂರು ಸಾಲು. ಯೂನಿಫಾರಂ ಹಾಕಿದ ಶಾಲೆಯ ಮಕ್ಕಳನ್ನು ಬಿಡು ಎಂದು ನಾನು ಹೇಳಿದ್ದೆ. ಅವು ಗುಂಪಾಗಿ ಹೋಗುತ್ತವೆ, ತಾಯಿ ಜೊತೆಗಿರುವುದಿಲ್ಲ, ಡಾಕ್ಟರ ಬಾಗಿಲು ಹತ್ತುವುದಿಲ್ಲ. ಪ್ರವಾಸಿಗಳನ್ನೂ ಬಿಡು. ದೇವಸ್ಥಾನ ನೋಡಲು ಬಂದವರು ಎಷ್ಟೇ ಇದ್ದರೂ ನಿನಗೆ ಅವರಿಂದ ಪ್ರಯೋಜನವಿಲ್ಲ.

ಸಂಜೆ ಫೋನ್ ಮಾಡಿದಳು. ಧ್ವನಿ ಹಾರುತ್ತಿತ್ತು. ಗಂಡಸರು ನಾನೂರ ಹನ್ನೆರಡು, ಹೆಂಗಸರು ಇನ್ನೂರ ಅರವತ್ತೆಂಟು, ಮಕ್ಕಳು ತೊಂಬತ್ತಾರು.

"ತೊಂಬತ್ತಾರು ದೊಡ್ಡಮ್ಮ! ಹತ್ತರಲ್ಲಿ ಒಂದು ಮಗು ಬಂದರೂ ಸಾಕು ನನಗೆ."

"ಒಂದು ದಿನದ ಎಣಿಕೆ ಎಣಿಕೆಯಲ್ಲ" ಎಂದೆ. ಮಂಗಳವಾರ, ಬುಧವಾರವೂ ಆಗಬೇಕಿತ್ತು. ಅವಳಿಗೆ ರಜೆ ಇರಲಿಲ್ಲ. ಆಗ ಅವಳಿಗೆ ಕೆಂಚಮ್ಮ ಹೊಳೆದಳು. ಹೇಗೂ ಇಡೀ ದಿನ ಅಲ್ಲೇ ಕೂತಿರುತ್ತಾಳೆ; ಐದಕ್ಕೊಂದು ಕಟ್ಟು ಗೆರೆ ಹಾಕುವುದು ಗೊತ್ತು. ಲಾವಣ್ಯ ರಟ್ಟಿನ ಮೇಲೆ ಮೂರು ಚಿತ್ರ ಬರೆದುಕೊಟ್ಟಳು. ಕೆಂಚಮ್ಮ ದಿನಕ್ಕೆ ಇನ್ನೂರು ರೂಪಾಯಿ ಕೇಳಿದಳು, ಮೇಲೆ ಎರಡು ಕಾಫಿ. ಮೊದಲ ದಿನದ ಕಾಫಿಯನ್ನು ಗೆರೆ ಹಾಕುವ ಮೊದಲೇ ಕುಡಿದಳು.

ಮಂಗಳವಾರದ ರಟ್ಟು: ಗಂಡಸರು ಮುನ್ನೂರ ಒಂದು. ಹೆಂಗಸರು ನೂರ ಮೂವತ್ತು. ಮಕ್ಕಳು ಏಳು.

ಬುಧವಾರ: ಗಂಡಸರು ಇನ್ನೂರ ತೊಂಬತ್ತನಾಲ್ಕು. ಹೆಂಗಸರು ನೂರ ಇಪ್ಪತ್ತಾರು. ಮಕ್ಕಳು ಒಂಬತ್ತು.

ಬುಧವಾರ ಸಂಜೆ ಲಾವಣ್ಯ ರಟ್ಟುಗಳನ್ನು ನನ್ನ ಊಟದ ಮೇಜಿನ ಮೇಲೆ ಇಟ್ಟು ತಲೆಗೆ ಕೈ ಹೊತ್ತು ಕೂತಳು. "ತೊಂಬತ್ತಾರು ಮಕ್ಕಳು ಒಂದೇ ದಿನದಲ್ಲಿ ಎಲ್ಲಿ ಹೋದವು?"

ನನಗೂ ತಿಳಿಯಲಿಲ್ಲ. ಗಂಡಸರು ಕಡಿಮೆಯಾದದ್ದಕ್ಕೆ ಕಾರಣ ಹೊಳೆಯಿತು. ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಈಗ ಟ್ರ್ಯಾಕ್ಟರು ಬಂದಿದೆ, ಎತ್ತು ಎಷ್ಟೋ ಮನೆಗಳಲ್ಲಿ ಇಲ್ಲ, ಆದರೂ ಸೋಮವಾರ ಬೇಸಾಯವಿಲ್ಲ ಎನ್ನುವ ಅಭ್ಯಾಸ ಉಳಿದಿದೆ. ಆ ದಿನ ಬ್ಯಾಂಕು, ಗೊಬ್ಬರ, ರಿಪೇರಿ ಎಂದು ಎಲ್ಲರೂ ಊರಿಗೆ ಬರುತ್ತಾರೆ. ಹಾಗಾದರೆ ಲಾವಣ್ಯಳ ಸೋಮವಾರ ವಾರದಲ್ಲೇ ಹೆಚ್ಚು ಜನರಿದ್ದ ದಿನ. ನಾನೂರು ಮುನ್ನೂರಾದದ್ದು ಸರಿ. ಆದರೆ ತೊಂಬತ್ತಾರು ಏಳಾಗುವುದಕ್ಕೆ ಯಾವ ಎತ್ತೂ ಕಾರಣವಲ್ಲ.

"ಕೆಂಚಮ್ಮನೇ ಸುಳ್ಳು ಬರೆದಿರಬೇಕು" ಎಂದಳು ಲಾವಣ್ಯ. "ಚನ್ನಬಸವಯ್ಯನವರು ಅವಳ ಎದುರಿಗೇ ಹೇಳಿದರು, ಡಾಕ್ಟ್ರಮ್ಮ ಬಂದ್ರೆ ನೀನು ಇಲ್ಲಿಂದ ಜಾಗ ಖಾಲಿ ಮಾಡ್ಬೇಕಾಗ್ತದೆ ಕೆಂಚವ್ವ, ಬಾಗಿಲಿಗೆ ಅಡ್ಡ ಆಯ್ತದೆ ಅಂತ. ನಾನು ಅದನ್ನು ಕೇಳಿಸಿಕೊಂಡೂ ಅವಳಿಗೇ ಎಣಿಸೋಕೆ ಕೊಟ್ಟೆ!"

ಜಾಗ ಕಳೆದುಕೊಳ್ಳುವವಳ ಕೈಗೇ ಎಣಿಕೆ ಕೊಡುವುದು ದೊಡ್ಡ ತಪ್ಪು. ಕೆಂಚಮ್ಮನ ಹದಿನೆಂಟು ವರ್ಷದ ನೆರಳು ಆ ಸಜ್ಜಾ. ಮಕ್ಕಳು ಬರುವುದಿಲ್ಲ ಎಂದು ತೋರಿಸಿದರೆ ಅದು ಉಳಿಯುತ್ತದೆ. ನನ್ನ ಅನುಮಾನವೂ ಅವಳ ಮೇಲೇ ನಿಂತಿತು. ಒಂದು ಮಾತ್ರ ಹೊಂದುತ್ತಿರಲಿಲ್ಲ. ಮೊಬೈಲ್ ಅಂಗಡಿಯವನು ಬಂದರೂ ಅವಳನ್ನು ಎಬ್ಬಿಸುತ್ತಾನಲ್ಲ? ಮತ್ತೆ, ಸುಳ್ಳು ಬರೆಯುವವಳು ಗಂಡಸರನ್ನೂ ಕಡಿಮೆ ಬರೆಯಬಹುದಿತ್ತು. ಡಾಕ್ಟರು ಮಕ್ಕಳ ಡಾಕ್ಟರು ಎಂದು ಲೆಕ್ಕ ಹಾಕಿ ಮಕ್ಕಳನ್ನಷ್ಟೇ ಅಳಿಸುವ ಜಾಣತನ ಇವಳಿಗಿದೆಯೇ?

ಗುರುವಾರ ಬೆಳಿಗ್ಗೆ ನಾನೇ ಹಳೇಬೀಡಿಗೆ ಹೋದೆ. ಮಳಿಗೆಯ ಎದುರು ರಸ್ತೆಯಾಚೆ ಒಂದು ಹೋಟೆಲಿದೆ. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು, ಕೆಂಚಮ್ಮನಿಗೆ ಹೇಳದೆ, ಒಂಬತ್ತರಿಂದ ಹತ್ತರವರೆಗೆ ನಾನೂ ಎಣಿಸಿದೆ. ಅವಳು ನನ್ನನ್ನು ಅದುವರೆಗೆ ನೋಡಿರಲಿಲ್ಲ. ಹೂ ಕಟ್ಟುತ್ತಲೇ ಮಡಿಲ ಪಕ್ಕದ ರಟ್ಟಿಗೆ ಇದ್ದಿಲಿನಿಂದ ಗೆರೆ ಹಾಕುತ್ತಿದ್ದಳು. ಬಸ್ಸು ಬಂದು ಇಪ್ಪತ್ತು ಜನ ಒಟ್ಟಿಗೆ ಇಳಿದರೂ ಕೈ ತಡವರಿಸುತ್ತಿರಲಿಲ್ಲ. ಮಂದೆಯನ್ನು ದೊಡ್ಡಿಗೆ ಕೂಡುವಾಗ ನೋಡಿ ಅಭ್ಯಾಸವಾದ ಕಣ್ಣು.

ಹತ್ತಕ್ಕೆ ರಸ್ತೆ ದಾಟಿ ಅವಳ ಮುಂದೆ ನಿಂತೆ. "ರಟ್ಟು ಕೊಡಮ್ಮ. ನಾನು ಲಾವಣ್ಯಳ ದೊಡ್ಡಮ್ಮ."

"ಹೂವ?"

"ಬೇಡ."

ರಟ್ಟನ್ನು ಮನಸ್ಸಿಲ್ಲದೆ ಕೊಟ್ಟಳು. ನನ್ನ ಹಾಳೆಯಲ್ಲಿ ಗಂಡಸರು ಅರವತ್ನಾಲ್ಕು. ಅವಳ ರಟ್ಟಿನಲ್ಲೂ ಅರವತ್ನಾಲ್ಕು. ಒಂದು ಗೆರೆಯೂ ಹೆಚ್ಚುಕಡಿಮೆ ಇಲ್ಲ. ಹೆಂಗಸರು ನನ್ನಲ್ಲಿ ಐವತ್ತೆರಡು, ಅವಳಲ್ಲಿ ಇಪ್ಪತ್ತನಾಲ್ಕು. ಮಕ್ಕಳು ನನ್ನಲ್ಲಿ ಮೂವತ್ತೊಂದು, ಅವಳಲ್ಲಿ ಮೂರು.

ನಾನು ಎರಡು ಸಲ ಕಳೆದು ನೋಡಿದೆ. ಹೆಂಗಸರಲ್ಲಿ ಇಪ್ಪತ್ತೆಂಟು ಕಾಣೆ, ಮಕ್ಕಳಲ್ಲೂ ಇಪ್ಪತ್ತೆಂಟು ಕಾಣೆ. ಸುಳ್ಳು ಹೇಳುವವರ ಅಂಕಿ ಹೀಗೆ ಜೋಡಿಯಾಗಿ ತಪ್ಪುವುದಿಲ್ಲ.

"ಕೆಂಚಮ್ಮ, ಈಗ ತಾನೆ ಹಸಿರು ಸೀರೆಯವಳು ಮಗು ಎತ್ತಿಕೊಂಡು ಹೋದಳಲ್ಲ, ಅವಳಿಗೆ ಗೆರೆ ಹಾಕಿದೆಯಾ?"

"ಇಲ್ಲ."

"ಯಾಕೆ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಂಕುಳಲ್ಲಿ ಕೂಸಿರೋಳ್ನ ಯಾರಾರ ಎಣಿಸ್ತಾರಾ ಅಮ್ಮಾವ್ರೇ? ಓದಿದೋರ ಥರ ಕಾಣ್ತೀರ."

"ಎಣಿಸಿದರೆ ಏನಾಗುತ್ತದೆ?"

"ಏನಾಯ್ತದೆ ಅಂತ ನೋಡೋಕೆ ಎಣಿಸ್ಬೇಕಾ? ನಮ್ಮ ಮಾವ ಮಂದೇಲಿ ಮರಿನ ಎಣಿಸ್ತಿರ್ಲಿಲ್ಲ. ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕ್ದ ಮ್ಯಾಲೆ ಎಣಿಕೆ. ಅಲ್ಲೀಗಂಟ ತಾಯೂ ಇಲ್ಲ, ಮರೀನೂ ಇಲ್ಲ."

"ಹಾಗಂತ ಡಾಕ್ಟರಮ್ಮನಿಗೆ ಹೇಳಬೇಕಿತ್ತು."

"ಅವ್ಳು ಕೇಳ್ನಿಲ್ಲ. ಮಕ್ಳು ಅಂದ್ಳು. ನಡ್ಕಂಡ್ ಹೋದ ಮಕ್ಳಿಗೆ ಗೆರೆ ಹಾಕಿವ್ನಿ. ಕೂಸು ಅನ್ನಲಿಲ್ಲ."

ಮಕ್ಕಳ ಡಾಕ್ಟರಿಗೆ ಬೇಕಾದದ್ದು ಆ ಕೂಸುಗಳೇ ಎಂದು ನಾನು ಹೇಳಿದೆ. ಅವಳು ಹೂವಿನ ದಾರವನ್ನು ಹಲ್ಲಿನಲ್ಲಿ ಕಡಿದು, "ಹಂಗಾರೆ ನೀವೇ ಎಣಿಸ್ಕಳಿ. ನಾ ಎಣಿಸಾಕಿಲ್ಲ. ಇವತ್ತಿಂದು ಕಾಫಿ ಇನ್ನೂ ಬಂದಿಲ್ಲ" ಎಂದಳು.

ಇದು ನಂಬಿಕೆಯೋ, ಜಾಗ ಉಳಿಸಿಕೊಳ್ಳಲು ಸಿಕ್ಕ ನೆಪವೋ ಎಂದು ಅಲ್ಲಿ ನಿಂತು ನಾನು ತೀರ್ಮಾನಿಸಲಾರದೆ ಹೋದೆ. ಎರಡೂ ಇರಬಹುದಿತ್ತು. ಇನ್ನೊಂದು ಗೋಜಲೂ ಇತ್ತು. ಇಪ್ಪತ್ತೆಂಟು ಕೂಸುಗಳು ಒಂದೇ ಗಂಟೆಯಲ್ಲಿ ಎಂದರೆ ಹೆಚ್ಚಾಯಿತು ಎನಿಸಿ ಹೋಟೆಲಿನವನನ್ನು ವಿಚಾರಿಸಿದೆ. ಗುರುವಾರ ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದಿನ ದಿನ. ತಾಯಂದಿರು ಅಲ್ಲಿಗೇ ಹೋಗುತ್ತಿದ್ದರು, ಹಣ ಕೊಡದೆ ಹಾಕಿಸಿಕೊಂಡು ಬರಲು. ಅಂದರೆ ಲಾವಣ್ಯಳ ಎಣಿಕೆ ಸೋಮವಾರದಿಂದ ಉಬ್ಬಿತ್ತು, ಕೆಂಚಮ್ಮನದು ಕೂಸುಗಳಿಲ್ಲದೆ ಕುಗ್ಗಿತ್ತು, ನನ್ನದು ಗುರುವಾರದಿಂದ ಉಬ್ಬಿತ್ತು. ಮೂರು ಎಣಿಕೆಗಳಲ್ಲಿ ಒಂದನ್ನೂ ನೆಚ್ಚುವಂತಿರಲಿಲ್ಲ. ಉಳಿದಿದ್ದು ಎರಡು ದಿನ.

ಲಾವಣ್ಯ ರಜೆ ಹಾಕಿದಳು. ಶುಕ್ರವಾರ, ಶನಿವಾರ ಇಬ್ಬರೂ ಅದೇ ಐದು ಗಂಟೆ ಎಣಿಸಿದೆವು. ಈ ಸಲ ಕಂಕುಳ ಕೂಸುಗಳಿಗೇ ಬೇರೆ ಸಾಲು, ಗಂಟೆಗೊಂದು ಮನೆ. ಶುಕ್ರವಾರ ಮೂವತ್ತೆಂಟು, ಶನಿವಾರ ನಲವತ್ತೊಂದು, ಒಟ್ಟು ಎಪ್ಪತ್ತೊಂಬತ್ತು. ದಿನಕ್ಕೆ ತೊಂಬತ್ತಾರೂ ಅಲ್ಲ, ಏಳೂ ಅಲ್ಲ. ಆದರೆ ಎಪ್ಪತ್ತೊಂಬತ್ತು ಎಂದರೆ ಏನು ಎಂಬುದು ಗೊತ್ತಾಗುತ್ತಿರಲಿಲ್ಲ. ಹಾಯುವವರೆಲ್ಲ ಬರುವವರಲ್ಲ. ಅವರು ಯಾವ ಊರಿನವರು, ಯಾಕೆ ಬಂದವರು?

ಅದನ್ನು ತಿಳಿಯಲು ಲಾವಣ್ಯ ಶುಕ್ರವಾರ ಬೆಳಿಗ್ಗೆ ಬಸ್ಸಿಳಿದ ತಾಯಂದಿರನ್ನು ನಿಲ್ಲಿಸಿ ಕೇಳಲು ಹೋದಳು. ಅವರು ಮಗುವಿನ ಮುಖಕ್ಕೆ ಸೆರಗು ಮುಚ್ಚಿ ದೂರ ಸರಿದರು. ಕೈಯಲ್ಲಿ ಹಾಳೆ ಹಿಡಿದು ಮಗು ಎಷ್ಟು ತಿಂಗಳದ್ದು ಎಂದು ಕೇಳುವವಳನ್ನು ಯಾರು ನಂಬುತ್ತಾರೆ? ನಾಲ್ಕನೆಯವಳೂ ಸರಿದು ಹೋದಾಗ ಹಿಂದಿನಿಂದ ಕೆಂಚಮ್ಮ ನಕ್ಕಳು.

"ಅವ್ಳು ಹುಲಿಕೆರೆಯೋಳು ಕಣ್ ಡಾಕ್ಟ್ರಮ್ಮ. ಅವ್ಳನ್ನೇನ್ ಕೇಳ್ತಿ? ಕೂಸಿಗೆ ಮೂರ್ ತಿಂಗ್ಳು, ನಾಕನೇದು ಬಂತು. ಗಂಡನ್ ಮನೆ ತಿಪಟೂರ ಕಡೆ. ಬಾಣಂತನಕ್ಕೆ ಬಂದವ್ಳೆ."

"ಇದೆಲ್ಲ ನಿನಗೆ ಹೇಗೆ ಗೊತ್ತು?"

"ಹದ್ನೆಂಟ್ ವರ್ಸ ಇಲ್ ಕೂತು ಮಣ್ ತಿಂತಿದ್ನಾ?"

ಎಣಿಸಲು ಒಪ್ಪದವಳು ಹೇಳಲು ಒಪ್ಪಿದಳು. ಅದಕ್ಕೂ ದಿನಗೂಲಿ ಕೇಳಿದಳು, ಕೊಟ್ಟೆವು. ಮಧ್ಯಾಹ್ನದಿಂದ ನಾನು ಅವಳ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತು ಬರೆದುಕೊಂಡೆ. ಬೆಳಿಗ್ಗೆ ಹಾದವರನ್ನೂ ಸೀರೆಯ ಬಣ್ಣ ಹೇಳಿದರೆ ಸಾಕು, ನೆನಪಿನಿಂದ ಹೇಳುತ್ತಿದ್ದಳು. ಅವಳ ಮಾತು ನಿಲ್ಲುತ್ತಿರಲಿಲ್ಲ.

"ಇವ್ಳು ಜಾವಗಲ್ಲಿಂದ ಬಂದು ಹಾಸನ ಬಸ್ ಹತ್ತೋಳು. ಇಳೀತಾಳೆ, ನೀರ್ ಕುಡೀತಾಳೆ, ಹತ್ತಾಳೆ. ನಿಮ್ ಡಾಕ್ಟ್ರಿಗೆ ಇವ್ಳಿಂದ ಮೂರ್ ಕಾಸಿಲ್ಲ." ಸ್ವಲ್ಪ ಹೊತ್ತಿಗೆ, "ಇವ್ಳು ಆಗ್ಲೇ ಹೋಗಿದ್ಲಲ್ಲ, ಈಗ ವಾಪಸ್ ಬಂದ್ಲು. ನೀವು ಎಲ್ಡ್ ಸಲ ಗೀಚ್ಕಂಡ್ರಾ? ಅಯ್ಯೋ ನಿಮ್ ಓದೇ!"

ಎರಡು ಸಲ ಗೀಚಿದ್ದೆ, ನಿಜ.

ಶನಿವಾರ ಸಂಜೆ ಎಪ್ಪತ್ತೊಂಬತ್ತನ್ನು ಹೀಗೆ ಸೋಸಿದೆವು. ಬಸ್ಸು ಬದಲಾಯಿಸಲು ಮಾತ್ರ ಇಳಿದವರು ಇಪ್ಪತ್ತೇಳು. ಹೋಗಿ ಹಿಂತಿರುಗಿ ಎರಡು ಸಲ ಎಣಿಕೆಗೆ ಬಿದ್ದವರು ಒಂಬತ್ತು. ಉಳಿದದ್ದು ನಲವತ್ಮೂರು ತಾಯಂದಿರು. ಗೆಂಡೆಹಳ್ಳಿ ಕಡೆಯಿಂದ ಒಬ್ಬಳೂ ಇಲ್ಲ. ನಲವತ್ಮೂರರಲ್ಲಿ ಇಪ್ಪತ್ತನಾಲ್ಕು ಜನ ಸುತ್ತಲಿನ ಹಳ್ಳಿಗಳ ಸೊಸೆಯರು. ಹತ್ತೊಂಬತ್ತು ಜನ ತವರಿಗೆ ಬಂದ ಹೆಣ್ಣುಮಕ್ಕಳು. ನಾನು ಇದನ್ನು ಎಂದೂ ಯೋಚಿಸಿರಲಿಲ್ಲ. ಬಾಣಂತಿಯ ಹೆಸರು ಗಂಡನ ಊರಿನ ಪಟ್ಟಿಯಲ್ಲಿರುತ್ತದೆ, ಕೂಸು ಇರುವುದು ತಾಯಿಯ ತವರಿನಲ್ಲಿ. ಹುಟ್ಟಿದ ಮೊದಲ ನಾಲ್ಕೈದು ತಿಂಗಳು, ಅಂದರೆ ಡಾಕ್ಟರು ಹೆಚ್ಚು ಬೇಕಾಗುವ ಕಾಲದಲ್ಲಿ, ಅದು ಅಜ್ಜಿಯ ಮನೆಯಲ್ಲಿರುತ್ತದೆ. ಇಲ್ಲಿನ ಸೊಸೆಯರ ಕೂಸುಗಳು ಆ ತಿಂಗಳುಗಳಲ್ಲಿ ಬೇರೆಲ್ಲೋ ಇರುತ್ತವೆ. ಬರುವವರು ಹೋಗುವವರು ಸರಿತೂಗುತ್ತಾರೋ ಇಲ್ಲವೋ, ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಕೂಸಿಗೆ ಜ್ವರ ಬಂದರೆ ಮೊದಲು ಎಲ್ಲಿಗೆ ಹೋಗುತ್ತೀರಿ ಎಂದು ಆ ನಲವತ್ಮೂರೂ ಜನರನ್ನು ಎರಡೂ ದಿನ ಕೆಂಚಮ್ಮನ ಬಾಯಿಂದಲೇ ಕೇಳಿಸಿದ್ದೆವು. ಮಾತಿಗೆ ಸಿಗದೆ ಹಾದುಹೋದವರನ್ನು ಅವರು ಹಿಂತಿರುಗಿ ಬಸ್ಸು ಹತ್ತುವ ಮುಂಚೆ ಅವಳು ಹಿಡಿದಿದ್ದಳು. ಹನ್ನೊಂದು ಜನ ಬೇಲೂರು ಎಂದರು. ಆರು ಜನ ಹಾಸನ. ಇಪ್ಪತ್ತಾರು ಜನ ಧರ್ಮೇಶನ ಮೆಡಿಕಲ್ ಎಂದರು. ಮೂರು ಅಂಗಡಿ ಆಚೆ ಇರುವ ಔಷಧಿ ಅಂಗಡಿ ಅದು. ಧರ್ಮೇಶ ಹಣೆ ಮುಟ್ಟಿ ನೋಡಿ ಒಂದು ಸಿರಪ್ಪು ಕೊಡುತ್ತಾನಂತೆ.

"ನನ್ನ ಎದುರಾಳಿ ಬೇಲೂರಿನಲ್ಲಿ ಇದ್ದಾರೆ ಅಂದುಕೊಂಡಿದ್ದೆ" ಎಂದಳು ಲಾವಣ್ಯ. "ಇಲ್ಲೇ, ಮೂರು ಅಂಗಡಿ ಆಚೆ ಇದ್ದಾನೆ."

ಅವಳು ನೇರವಾಗಿ ಅವನಲ್ಲಿಗೇ ಹೋಗಿ ಕೇಳಿದಳು. ಧರ್ಮೇಶ ನಕ್ಕ. "ನೀವು ಬಂದ್ರೆ ನಂಗೆ ಒಳ್ಳೇದೇ ಮೇಡಂ. ನಾನ್ ಕೊಟ್ರೆ ಒಂದ್ ಸಿರಪ್ಪು. ನೀವು ಬರೆದ್ರೆ ಮೂರ್ ಐಟಂ." ಅವನು ಎದುರಾಳಿಯೋ ಜೊತೆಗಾರನೋ ಎಂದು ಅವಳು ನನ್ನನ್ನು ಕೇಳಿದಳು. ಎರಡೂ ಎಂದೆ. ಆ ಇಪ್ಪತ್ತಾರು ಜನ ಡಾಕ್ಟರು ದೂರವೆಂದು ಮೆಡಿಕಲ್ಲಿಗೆ ಹೋಗುತ್ತಿದ್ದಾರೋ, ಡಾಕ್ಟರು ಬೇಡವೆಂದೇ ಹೋಗುತ್ತಿದ್ದಾರೋ, ಅದರ ಮೇಲೆ ಎಲ್ಲವೂ ನಿಂತಿದೆ. ಬಾಗಿಲು ತೆರೆಯುವವರೆಗೆ ಅದು ಗೊತ್ತಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಅರಸೀಕೆರೆಯಲ್ಲಿ ಮತ್ತೆ ಹಾಳೆಗಳನ್ನು ಹರಡಿಕೊಂಡು ಕೂತೆವು. ಲಾವಣ್ಯಳ ಕಣ್ಣು ಕೆಂಪಾಗಿತ್ತು. "ಹೂಂ ಅನ್ನಲಾ, ಊಹೂಂ ಅನ್ನಲಾ? ಅಷ್ಟು ಹೇಳಿಬಿಡಿ ದೊಡ್ಡಮ್ಮ."

ನನಗೆ ಸ್ಪಷ್ಟವಾಗಿರಲಿಲ್ಲ. ಸ್ಪಷ್ಟವಾಗಿದ್ದದ್ದು ಒಂದೇ, ಗಂಟೆಗಳ ಮನೆ. ಕಂಕುಳ ಕೂಸುಗಳಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆಯೇ ಹಾದಿದ್ದವು. ಸಂಜೆ ನಾಲ್ಕರ ಮೇಲೆ ಹಳ್ಳಿಯ ಬಸ್ಸುಗಳು ಕಡಿಮೆ; ತಾಯಂದಿರು ಊರು ಸೇರಿರುತ್ತಾರೆ. ಲಾವಣ್ಯ ಎಲ್ಲ ಡಾಕ್ಟರುಗಳಂತೆ ಸಂಜೆಯ ಕ್ಲಿನಿಕ್ ಎಂದುಕೊಂಡಿದ್ದಳು. ಹಾಗೆ ಮಾಡಿದ್ದರೆ ಖಾಲಿ ಕುರ್ಚಿಗಳ ಮುಂದೆ ಕೂರಬೇಕಿತ್ತು.

"ಕೆಲಸ ಪೂರ್ತಿ ಬಿಡಬೇಡ" ಎಂದೆ. "ಆಸ್ಪತ್ರೆಯವರು ಮಧ್ಯಾಹ್ನದ ಪಾಳಿ ಮಾತ್ರ ಕೊಡುತ್ತಾರಾ ಕೇಳು. ಬೆಳಿಗ್ಗೆ ಹಳೇಬೀಡು. ಆರು ತಿಂಗಳು ನೋಡು. ಮೊದಲ ತಿಂಗಳಿಂದಲೇ ಆ ಇಪ್ಪತ್ತಾರರಲ್ಲಿ ಎಷ್ಟು ಜನ ನಿನ್ನ ಬಾಗಿಲಿಗೆ ಬಂದರು ಎಂದು ಬರೆದಿಡು. ಅದು ಹತ್ತು ದಾಟದಿದ್ದರೆ ಬಾಗಿಲು ಹಾಕು."

"ಅಂದರೆ ಹೂಂ?"

"ಅಂದರೆ ನಾನು ಹೇಳಿದ್ದಷ್ಟೇ."

ಆಸ್ಪತ್ರೆಯವರು ಒಪ್ಪಿದರು. ಸಂಜೆಗೆ ಅವಳು ಚನ್ನಬಸವಯ್ಯನವರಿಗೆ ಫೋನ್ ಮಾಡಿದಳು. ಅವರು ಸಂತೋಷಪಟ್ಟು, ಸೋಮವಾರ ಹನ್ನೊಂದಕ್ಕೆ ಬಂದು ಬೀಗದ ಕೈ ತೆಗೆದುಕೊಳ್ಳಿ ಎಂದರು. ಫೋನ್ ಇಟ್ಟ ಮೇಲೆ ಲಾವಣ್ಯಳಿಗೆ ಹೊಸ ಚಿಂತೆ ಹತ್ತಿತು.

"ಕೆಂಚಮ್ಮನನ್ನು ಎಬ್ಬಿಸಬೇಕಲ್ಲ. ಅವಳು ಸಹಾಯ ಮಾಡಿದ್ದಾಳೆ."

"ಕೂಲಿ ತೆಗೆದುಕೊಂಡು ಮಾಡಿದ್ದಾಳೆ" ಎಂದೆ. "ಜಗಳ ಮಾಡುತ್ತಾಳೆ, ಸಿದ್ಧಳಾಗಿ ಹೋಗು. ಪರಿಹಾರ ಕೇಳಿದರೂ ಕೇಳಬಹುದು."

ಸೋಮವಾರ ನಾವು ಹೋದಾಗ ಬೀದಿ ತುಂಬಿತ್ತು. ಚನ್ನಬಸವಯ್ಯನವರು ಷಟರಿನ ಮುಂದೆ ಬೀಗದ ಕೈ ಹಿಡಿದು ನಿಂತಿದ್ದರು. ಸಜ್ಜಾದ ಕೆಳಗೆ ಯಾರೂ ಇರಲಿಲ್ಲ. ಗೋಡೆಯ ಬುಡ ಗುಡಿಸಿತ್ತು, ನೀರು ಚಿಮುಕಿಸಿತ್ತು.

"ಎಲ್ಲಿ ಕೆಂಚಮ್ಮ? ನೀವೇ ಎಬ್ಬಿಸಿದಿರಾ?" ಎಂದು ಲಾವಣ್ಯ ಕೇಳಿದಳು.

"ನಾನ್ಯಾಕೆ ಎಬ್ಬಿಸ್ಲಿ? ಡಾಕ್ಟ್ರಮ್ಮ ಬರ್ತಾರಂತೆ ಅಂತ ನಿನ್ನೆ ಸಂಜೆ ಹೇಳಿದ್ದೆ ಅಷ್ಟೆ. ಬೆಳಿಗ್ಗೆ ಬರೋಷ್ಟರಲ್ಲಿ ಅವ್ಳೇ ಎದ್ದಿದ್ಲು. ಅಲ್ನೋಡಿ." ಅವರು ರಸ್ತೆಯಾಚೆ ಬೆರಳು ತೋರಿಸಿದರು.

ಹೋಟೆಲಿನ ಪಕ್ಕ, ಟ್ರಾನ್ಸ್‌ಫಾರ್ಮರಿನ ಕಂಬದ ಬಳಿ ಕೆಂಚಮ್ಮ ಕೂತಿದ್ದಳು. ಅಲ್ಲಿ ಮರವಿಲ್ಲ, ಸಜ್ಜಾವಿಲ್ಲ. ಹೂವಿನ ಮೇಲೆ ಒದ್ದೆ ಗೋಣಿ ಮುಚ್ಚಿದ್ದಳು. ಅದರ ಅಂಚು ಆಗಲೇ ಒಣಗಿ ಬೆಳ್ಳಗಾಗಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ ಹೂ ಕಟ್ಟುತ್ತಿದ್ದಳು.

ನಾನು ರಸ್ತೆ ದಾಟಿದೆ. "ಇಲ್ಲಿ ಯಾಕೆ ಕೂತೆ ಕೆಂಚಮ್ಮ? ಯಾರೂ ಇನ್ನೂ ಏಳು ಎಂದಿರಲಿಲ್ಲವಲ್ಲ."

ಅವಳು ತಲೆ ಎತ್ತಲಿಲ್ಲ. ಗೋಣಿಗೆ ಚೊಂಬಿನಿಂದ ನೀರು ಚಿಮುಕಿಸುತ್ತ, "ಅಲ್ಲಿ ಸೆಕೆ ಕಣ್ರವ್ವ. ಇಲ್ಲಿ ಗಾಳಿ ಚೆಂದಾಗ್ ಬತ್ತದೆ" ಎಂದಳು.

ಅವಳ ಹಿಂದಿನ ಹೋಟೆಲಿನ ಬೋರ್ಡಿಗೆ ಕಟ್ಟಿದ್ದ ಮಾವಿನ ತೋರಣದ ಒಂದು ಎಲೆಯೂ ಅಲುಗುತ್ತಿರಲಿಲ್ಲ.